ಊರ ಹೆಸರು ಅಳಿಸಿ ಪರಿಚಯ ಕೇಳಬ್ಯಾಡ್ರಿ

ಕಳೆದ ತಿಂಗಳು ಕೌಜಲಗಿ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ನಮ್ಮ ಓಣಿಯ ಹುಡುಗನೊಬ್ಬ ಬಂದು ಫೋನ್ ಮುಂದೆ ಹಿಡಿದ. ನಿಡಸೋಶಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿದವ. ಸಂಕೇಶ್ವರದಲ್ಲಿ ರೂಮ್ ಮಾಡಿಕೊಂಡು ನಾಲ್ಕು ವರ್ಷ ಓದಿದ್ದಾನೆ. ಅಪ್ಪ ಕಬ್ಬಿನ ಬಿಲ್ಲಿನಲ್ಲಿ ಫೀ ಕಟ್ಟಿದ್ದಾರೆ.

"ಅಣ್ಣಾ, ಲಿಂಕ್ಡ್‌ಇನ್‌ನಾಗ ಐದು ಮಂದಿಗೆ ಚೀಟಿ ಬರೆದು ಕಳಿಸೇನ್ರಿ. ಒಬ್ರೂ ಒಪ್ಪಿಲ್ಲ. ಈಗ ಮತ್ತೊಂದು ಬರೀಬೇಕಂದ್ರ ರೊಕ್ಕ ಕೊಡು ಅಂತೈತಿ."

ಚೀಟಿ ಓದಿದೆ. ಐದೂ ಒಂದೇ. "ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ಹಾರ್ಡ್‌ವರ್ಕಿಂಗ್ ಅಂಡ್ ಡೆಡಿಕೇಟೆಡ್ ಫ್ರೆಶರ್. ಕೈಂಡ್ಲಿ ರೆಫರ್ ಮೀ ಫಾರ್ ಎನಿ ಸೂಟೇಬಲ್ ಜಾಬ್." ಪ್ರೊಫೈಲ್ ತೆಗೆದರೆ ಊರು ಅಂತ ಇರುವಲ್ಲಿ ಬೆಂಗಳೂರು ಎಂದಿತ್ತು. ಈ ಹುಡುಗ ಬೆಂಗಳೂರಿಗೆ ಹೋದದ್ದು ಒಮ್ಮೆ, ಅದೂ ಪರೀಕ್ಷೆ ಬರೆಯಲು.

"ಯಾಕೋ ತಮ್ಮಾ, ಕೌಜಲಗಿ ಅಂತ ಯಾಕ ಬರದಿಲ್ಲ?"

"ತರಬೇತಿ ಕೊಟ್ಟವರು ಬ್ಯಾಡಂದ್ರಿ. ಹಳ್ಳಿಯವ ಅಂತ ಗೊತ್ತಾದ್ರ ತಗೋಳಂಗಿಲ್ಲ ಅಂದ್ರು."

ಯಾವ ತರಬೇತಿ, ಯಾರು ಕೊಟ್ಟವರು ಎಂಬುದು ಇಲ್ಲಿ ಮುಖ್ಯವಲ್ಲ. ಈ ಮಾತನ್ನು ನಾನು ಗೋಕಾಕದಲ್ಲೂ ಕೇಳಿದ್ದೇನೆ, ಮೂಡಲಗಿಯಲ್ಲೂ ಕೇಳಿದ್ದೇನೆ. ನನ್ನ ತಕರಾರು ಈ ಮಾತಿನ ಮೇಲೆಯೇ. ಗುರುತಿಲ್ಲದ ಮನುಷ್ಯನ ಮುಂದೆ ಈ ಹುಡುಗನ ಕೈಯಲ್ಲಿ ಇರುವ ಗಟ್ಟಿ ಗುರುತುಗಳು ಎರಡೇ: ಓದಿದ ಕಾಲೇಜು, ಹುಟ್ಟಿದ ಊರು. ಆ ಎರಡನ್ನೂ ಅಳಿಸಿ, ಎಲ್ಲರ ಬಾಯಲ್ಲೂ ಇರುವ ಹಾರ್ಡ್‌ವರ್ಕಿಂಗ್ ಅನ್ನು ಅಲ್ಲಿ ಇಡಿಸಿದ್ದಾರೆ. ಇದನ್ನು ಕಲಿಸಲು ಫೀ ಬೇರೆ.

ಚೀಟಿ ಪಡೆಯುವವನ ಕಡೆಯಿಂದ ನೋಡ್ರಿ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿವೆ. ಅದು ನಮ್ಮ ಹುಕ್ಕೇರಿ ತಾಲೂಕೇ. ಅಲ್ಲಿ ಒಬ್ಬ ಎಂಜಿನಿಯರ್ ಪಾಳಿ ಮುಗಿಸಿ ಬಸ್ಸಿನಲ್ಲಿ ಕುಳಿತು ಫೋನ್ ತೆಗೆಯುತ್ತಾನೆ ಅನ್ನಿ. ಅವನಿಗೆ ಕಾಣುವುದು ಒಂದು ಸಣ್ಣ ಫೋಟೊ, ಹೆಸರು, ಹೆಸರಿನ ಕೆಳಗೆ ಒಂದು ಸಾಲು, ಆಮೇಲೆ ಚೀಟಿಯ ಮೊದಲ ಕೆಲವು ಪದ. ಆ ಕೆಲವು ಪದ 'ರೆಸ್ಪೆಕ್ಟೆಡ್ ಸರ್, ಐ ಆ್ಯಮ್' ಎಂದಿದ್ದರೆ ಅವನು ಮುಂದೆ ಓದುವುದಿಲ್ಲ. ಅಂಥವು ಅವನಿಗೆ ದಿನಾ ಬರುತ್ತವೆ. ಓದಿದರೂ ಕೇಳಿದ್ದೇನು? ಯಾವುದಾದರೂ ಒಂದು ನೌಕರಿ ಕೊಡಿಸು ಎಂದು. ಮುಖ ನೋಡದವನಿಗೆ ಅವನು ಹೇಗೆ ಜಾಮೀನು ನಿಂತಾನು? ಒಪ್ಪಿದರೆ ಈ ಬೇಡಿಕೆಯ ಭಾರ ತಲೆಯ ಮೇಲೆ ಬರುತ್ತದೆಂದು ಗೊತ್ತಿರುವುದರಿಂದ ಬಿಟ್ಟುಬಿಡುತ್ತಾನೆ. ಬಿಡುವಾಗ 'ಈ ವ್ಯಕ್ತಿ ನನಗೆ ಗೊತ್ತಿಲ್ಲ' ಎಂದು ಒತ್ತಲೂಬಹುದು. ಹಾಗೆ ಒತ್ತಿದವರು ಹೆಚ್ಚಾದರೆ, ಮುಂದೆ ಯಾರಿಗೆ ಕಳಿಸಬೇಕಾದರೂ ಅವರ ಇಮೇಲ್ ವಿಳಾಸ ಗೊತ್ತಿರಬೇಕು ಎಂದು ಆ್ಯಪ್ ಪಟ್ಟು ಹಿಡಿಯುತ್ತದೆ.

ಅಂದರೆ ತಪ್ಪು ಎರಡು. ಯಾರು ಎಂದು ಹೇಳಲಿಲ್ಲ, ಕೇಳಬಾರದ್ದನ್ನು ಮೊದಲೇ ಕೇಳಿದ. ಈ ಚೀಟಿ ಅರ್ಜಿಯಲ್ಲ. ಬಾಗಿಲು ತಟ್ಟಿ "ನಾನು ಇಂಥವರ ಮಗ ರೀ" ಎನ್ನುವಷ್ಟೇ ಇದರ ಕೆಲಸ.

ಜಾಗವೂ ಸಣ್ಣದು. ದುಡ್ಡು ಕಟ್ಟದ ಖಾತೆಯಲ್ಲಿ ಒಂದು ಚೀಟಿಗೆ 200 ಅಕ್ಷರ, ಕಟ್ಟಿದವರಿಗೆ 300. ಉಚಿತ ಖಾತೆಯವರಿಗೆ ಚೀಟಿ ಸಮೇತ ಕಳಿಸಲು ತಿಂಗಳಿಗೆ ಕೆಲವೇ ಅವಕಾಶ. ಕನ್ನಡದಲ್ಲಿ ಬರೆದರೆ ಗುಣಿತದ ಗುರುತು, ಒತ್ತು, ಅರ್ಧಚಂದ್ರ ಎಲ್ಲವೂ ಬೇರೆ ಬೇರೆ ಎಣಿಕೆಯಾಗುತ್ತವೆ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರವಾದ 'ಕೌಜಲಗಿ' ಅಲ್ಲಿ ಆರು. ಹೀಗಾಗಿ 200ರಲ್ಲಿ ನಾಲ್ಕೈದು ಸಣ್ಣ ವಾಕ್ಯ ಹಿಡಿದರೆ ಹೆಚ್ಚು.

ನಾವಿಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕುಳಿತೆವು. ಮೊದಲು ಪ್ರೊಫೈಲಿನಲ್ಲಿ ಊರು ಸರಿಮಾಡಿಸಿದೆ. ಆಮೇಲೆ ಅವನ ಕಾಲೇಜಿನ ಪುಟ ತೆಗೆದು `Alumni` ಎಂಬುದನ್ನು ಒತ್ತಿದೆವು. ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ, ಯಾವ ಕಂಪನಿ, ಏನು ಕೆಲಸ ಎಂದು ಸೋಸಿ ನೋಡಬಹುದು. ಹತ್ತರಗಿಯಲ್ಲಿ ಕೆಲಸ ಮಾಡುವ ಒಬ್ಬರು ಸಿಕ್ಕರು. ಅವರು ಮೊದಲು ಸಿಎನ್‌ಸಿ ಯಂತ್ರ ನಡೆಸುತ್ತಿದ್ದರು, ಈಗ ಗುಣಮಟ್ಟ ತಪಾಸಣೆಯಲ್ಲಿದ್ದಾರೆ. ನಮ್ಮ ಹುಡುಗ ಬೆಳಗಾವಿಗೆ ಹೋಗಿ ಸಿಎಂಎಂ ಕಲಿಯುತ್ತಿದ್ದಾನೆ. ತಯಾರಾದ ಬಿಡಿಭಾಗದ ಅಳತೆ ನಕ್ಷೆಯಂತೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಯಂತ್ರ ಅದು. ಅದೇ ಅವರ ವಿಭಾಗದ ಕೆಲಸ. ಎಳೆ ಸಿಕ್ಕಿತು.

ಆದರೆ ಉಚಿತ ಚೀಟಿ ಮುಗಿದಿದ್ದವಲ್ಲ, ತಿಂಗಳು ತಿರುಗುವವರೆಗೆ ಕಾದೆವು. ಹಳೆಯ ಐದನ್ನು ವಾಪಸ್ ಪಡೆದರೂ ಅದೇ ಮಂದಿಗೆ ಮತ್ತೆ ಕಳಿಸಲು ಮೂರು ವಾರದವರೆಗೆ ಬಿಡುವುದಿಲ್ಲ. ಒಂದು ಕೆಟ್ಟ ಚೀಟಿಯ ನಷ್ಟ ಅಷ್ಟು ದೊಡ್ಡದು. ಕಡೆಗೆ ಹೋದ ಚೀಟಿ ಇದು:

"ನಮಸ್ಕಾರ ಸರ್. ನಾನು ಕೌಜಲಗಿಯವ, ನಿಡಸೋಶಿ ಕಾಲೇಜಿನ ಮೆಕ್ಯಾನಿಕಲ್ 2024ರ ಬ್ಯಾಚ್. ತಾವೂ ಅಲ್ಲೇ ಓದಿದವರು. ತಾವು ಸಿಎನ್‌ಸಿಯಿಂದ ತಪಾಸಣೆಗೆ ಬಂದದ್ದು ನೋಡಿದೆ. ನಾನೂ ಸಿಎಂಎಂ ಕಲಿಯುತ್ತಿದ್ದೇನೆ. ತಮ್ಮ ಪರಿಚಯದಲ್ಲಿರಲು ಬಯಸುವೆ."

ಆ್ಯಪಿನ ಎಣಿಕೆಯಲ್ಲಿ ಇದು 200ರ ಒಳಗೇ ಇದೆ. ಊರು, ಕಾಲೇಜು ಮೊದಲ ಸಾಲಿನಲ್ಲೇ ಬಂದವು, ಯಾಕೆಂದರೆ ಫೋನಿನಲ್ಲಿ ಮೊದಲು ಕಾಣುವುದು ಅದೇ. ಮೂರನೆಯ ಮಾತು ಅವರ ಪ್ರೊಫೈಲ್ ಓದಿದವನಿಗೆ ಮಾತ್ರ ಬರೆಯಲು ಸಾಧ್ಯ. ಒಂದು ಪರೀಕ್ಷೆ ಹೇಳುತ್ತೇನೆ: ನಿಮ್ಮ ಚೀಟಿಯನ್ನು ಬೇರೆ ಯಾರಿಗಾದರೂ ಹಾಗೆಯೇ ಕಳಿಸಲು ಬರುವಂತಿದ್ದರೆ ಅದು ಇನ್ನೂ ತಯಾರಾಗಿಲ್ಲ. ಇನ್ನು ನೌಕರಿ ಎಂಬ ಪದ ಈ ಚೀಟಿಯಲ್ಲಿ ಎಲ್ಲೂ ಇಲ್ಲ. ಒಪ್ಪಿಕೊಂಡರೆ ಅವರ ಕೈಯಿಂದ ಏನೂ ಹೋಗುವುದಿಲ್ಲ, ಹಾಗಾಗಿ ಒಪ್ಪುವುದು ಸುಲಭ.

ಕಳಿಸುವಾಗಲೂ ಎಚ್ಚರ ಬೇಕು. ಫೋನಿನಲ್ಲಿ `Connect` ಎಂದು ಕಂಡಕೂಡಲೇ ಒತ್ತಿದರೆ ಎಷ್ಟೋ ಸಲ ಚೀಟಿ ಇಲ್ಲದೆಯೇ ಹೋಗಿಬಿಡುತ್ತದೆ. ಅವರ ಪ್ರೊಫೈಲ್ ತೆರೆದು, ಮೂರು ಚುಕ್ಕೆ ಒತ್ತಿ, `Personalize invite` ಎಂಬುದರಿಂದ ಹೋಗಬೇಕು. ನಮ್ಮ ಹುಡುಗರ ಅರ್ಧ ಕೋರಿಕೆಗಳು ಖಾಲಿ ಹೋಗುವುದು ಇಲ್ಲೇ.

ಆಳು ತೆಗೆದುಕೊಳ್ಳುವ ಮ್ಯಾನೇಜರ್‌ಗೆ ಬರೆಯುವುದಾದರೆ ಚೀಟಿ ಬೇರೆ. ಅವರಿಗೆ ನಿಮ್ಮ ಕಾಲೇಜಿನ ನಂಟು ಇಲ್ಲ, ಅವರ ಮುಂದೆ ಇರುವುದು ಒಂದು ಖಾಲಿ ಹುದ್ದೆ. ಮೊದಲು ಅರ್ಜಿ ಹಾಕಿ, ಆಮೇಲೆ ಬರೆಯಿರಿ: "ನಮಸ್ಕಾರ ಮೇಡಂ. ತಾವು ಹಾಕಿದ ಗುಣಮಟ್ಟ ತಪಾಸಕ ಹುದ್ದೆಗೆ ಸೋಮವಾರ ಅರ್ಜಿ ಹಾಕಿದ್ದೇನೆ. ಸಿಎಂಎಂ ಕಲಿಯುತ್ತಿದ್ದೇನೆ. ಊರು ಕೌಜಲಗಿ, ಪಾಳಿ ಕೆಲಸಕ್ಕೆ ಹತ್ತರಗಿಯಲ್ಲೇ ಇರಬಲ್ಲೆ. ತಮ್ಮ ಪರಿಚಯ ಬಯಸುವೆ." ಇಲ್ಲಿ ಊರು ಅಭಿಮಾನಕ್ಕಾಗಿ ಬಂದಿಲ್ಲ. ಹತ್ತರಗಿಯಂಥ ಕಡೆ ಆಳು ತೆಗೆದುಕೊಳ್ಳುವವರಿಗೆ, ಬಂದವ ಆರು ತಿಂಗಳಿಗೆ ಬೆಂಗಳೂರಿಗೆ ಹಾರುತ್ತಾನೋ ಇಲ್ಲೇ ನಿಲ್ಲುತ್ತಾನೋ ಎಂಬ ಚಿಂತೆ ಇರುತ್ತದೆ. ಅದಕ್ಕೆ ಉತ್ತರ ನಿಮ್ಮ ಊರಿನ ಹೆಸರಿನಲ್ಲೇ ಇದೆ. ಆ ಮೇಡಂಗೆ ಕನ್ನಡ ಬಾರದಿದ್ದರೆ ಇದೇ ಮಾತನ್ನು ಸಾದಾ ಇಂಗ್ಲಿಷಿನಲ್ಲಿ ಬರೆಯಿರಿ. ಕಠಿಣ ಪದ ಬೇಡ.

ಕೆಲವರು ಹೇಳುತ್ತಾರೆ, ಚೀಟಿಯೇ ಬೇಡ, ಖಾಲಿ ಕಳಿಸಿದರೂ ಒಪ್ಪುತ್ತಾರೆ ಎಂದು. ಜೊತೆಗೆ ಓದಿದವರು, ಜೊತೆಗೆ ದುಡಿದವರು ಒಪ್ಪುತ್ತಾರೆ, ನಿಜ. 'ಕೈಂಡ್ಲಿ ರೆಫರ್ ಮೀ'ಗಿಂತ ಖಾಲಿಯೇ ವಾಸಿ ಎಂಬುದನ್ನೂ ಒಪ್ಪುತ್ತೇನೆ. ಆದರೆ ಗುರುತಿನವರು ಯಾರೂ ಇಲ್ಲದ ಹೊಸ ಖಾತೆಯಿಂದ ಖಾಲಿ ಕೋರಿಕೆ ಹೋದರೆ, ಅದು ಮೋಸದ ಖಾತೆಯಂತೆ ಕಾಣುತ್ತದೆ. ಪಟ್ಟಣದ ಹುಡುಗನಿಗೆ ನಡುವೆ ಹತ್ತು ಪರಿಚಯದವರು ಇರುತ್ತಾರೆ. ನಮಗೆ ಇಲ್ಲ. ನಮಗೆ ಚೀಟಿಯೇ ನಡುವಿನ ಮನುಷ್ಯ.

ಇನ್ನೊಂದು ಮಾತು, ಇದು ಕಹಿ ಅನ್ನಿಸಬಹುದು. ಊರು ಬರೆಯಿರಿ ಎಂದರೆ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಜಾತಿ ಸೂಚಿಸುತ್ತಾರೆ, 'ನಾವೂ ನಿಮ್ಮವರೇ ರೀ' ಎಂದು ಬರೆಯುತ್ತಾರೆ. ಅದನ್ನು ಬರೆಯಬೇಡಿ. ಊರು ಮತ್ತು ಕಾಲೇಜು ಅಲ್ಲಿ ಬೆಳೆದ, ಓದಿದ ಎಲ್ಲರಿಗೂ ಸೇರಿದ ಗುರುತು. ಜಾತಿ ಹಾಗಲ್ಲ. ಅದನ್ನು ಹಿಡಿದು ಒಬ್ಬ ಒಳಗೆ ಹೋದರೆ ಅದೇ ಬ್ಯಾಚಿನ ಇನ್ನೊಬ್ಬ ಹೊರಗೆ ಉಳಿಯುತ್ತಾನೆ. ಹಳೆಯ ಶಿಫಾರಸ್ಸನ್ನೇ ಹೊಸ ಫೋನಿನಲ್ಲಿ ನಡೆಸಿದ ಹಾಗಾಯಿತು.

ಮುಂದೇನಾಯಿತು ಎಂದು ಕೇಳುತ್ತೀರಿ. ನಾಲ್ಕನೆಯ ದಿನ ಆ ಎಂಜಿನಿಯರ್ ಒಪ್ಪಿಕೊಂಡರು. ಅವರ ಮೊದಲ ಮಾತು: "ಕೌಜಲಗಿಯಾಗ ಯಾವ ಓಣಿ?" ಅವರ ಅತ್ತಿಯ ಮನೆ ಇಲ್ಲೇ ಅಂತೆ. ಹುಡುಗ ಆಗಲೂ ನೌಕರಿ ಕೇಳಲಿಲ್ಲ. ಥ್ಯಾಂಕ್ಸ್ ಹೇಳಿ, ತಪಾಸಣೆ ಕೆಲಸಕ್ಕೆ ಬರುವವರಲ್ಲಿ ಏನು ಕಡಿಮೆ ಇರುತ್ತದೆ ಎಂದು ಒಂದೇ ಪ್ರಶ್ನೆ ಕೇಳಿದ. ನಕ್ಷೆಯ ಮೇಲಿನ ಅಳತೆಯ ಗುರುತುಗಳನ್ನು ಸರಿಯಾಗಿ ಓದಲು ಬರುವುದಿಲ್ಲ, ಯಂತ್ರಕ್ಕಿಂತ ಮೊದಲು ಅದನ್ನು ಕಲಿ ಎಂದರು. ಸದ್ಯಕ್ಕೆ ಜಾಗ ಖಾಲಿ ಇಲ್ಲ, ಆದಾಗ ಹೇಳುತ್ತೇನೆ ಎಂದರು.

ನೌಕರಿ ಇನ್ನೂ ಸಿಕ್ಕಿಲ್ಲ. ಹುಡುಗ ಈಗ ನಕ್ಷೆ ಓದುವುದನ್ನು ಕಲಿಯುತ್ತಿದ್ದಾನೆ. ಮೊನ್ನೆ ಸಿಕ್ಕಾಗ ಪ್ರೊಫೈಲ್ ತೋರಿಸಿದ. ಊರು ಅಂತ ಇರುವಲ್ಲಿ ಕೌಜಲಗಿ ಎಂದೇ ಇದೆ.