ವರದಿಯಲ್ಲಿ 84 ಅಂತ ಬರೆದರೆ ಮುಗಿಯಿತೇ?

ಓದಲು ತೊಡಕಿರುವ ಮಗುವನ್ನು ಪರೀಕ್ಷೆ ಮಾಡಿಸಿದ ಮೇಲೆ ಎಷ್ಟೋ ಸಲ ಕೈಗೆ ಬರುವುದು ಮೂರ್ನಾಲ್ಕು ಪುಟದ ಇಂಗ್ಲಿಷ್ ವರದಿ. ಅಪ್ಪ-ಅವ್ವನಿಗೆ ಅದು ಓದಲು ಬರುವುದಿಲ್ಲ. ಶಾಲೆಯ ಮೇಷ್ಟ್ರು ಪುಟ ತಿರುವಿ ಐಕ್ಯೂ ಅಂಕಿ ಹುಡುಕುತ್ತಾರೆ. ಅದು ಕಡಿಮೆ ಇದ್ದರೆ "ನಿಮ್ಮ ಹುಡುಗಗ ತಲೀನ ಕಡಿಮಿ ಐತಿ ನೋಡ್ರಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ತಪ್ಪು ಮೇಷ್ಟ್ರದಲ್ಲ, ಹಾಗೆ ಓದಿಸಿಕೊಳ್ಳುವಂತೆ ವರದಿ ಬರೆದವರದು.

ಶಿವಯೋಗ ಮಂದಿರದ ಸುತ್ತಲಿನ ಯಾವುದಾದರೂ ಕನ್ನಡ ಶಾಲೆಯ ಐದನೇ ತರಗತಿಯ ಒಬ್ಬ ಹುಡುಗನನ್ನು ಅಂದುಕೊಳ್ಳಿ. ಸಂತೆಯ ಚಿಲ್ಲರೆ ಲೆಕ್ಕ ಬಾಯಲ್ಲೇ ಹೇಳುತ್ತಾನೆ, ಕೆಟ್ಟ ಟಾರ್ಚು ಬಿಚ್ಚಿ ಜೋಡಿಸುತ್ತಾನೆ. ಪಾಠ ಓದು ಅಂದರೆ ಮಾತ್ರ ಅಕ್ಷರಕ್ಕೊಮ್ಮೆ ನಿಲ್ಲುತ್ತಾನೆ. ಅವನಿಗೆ ನಮ್ಮಲ್ಲಿ ಬಹಳ ಬಳಕೆಯಲ್ಲಿರುವ, 1960ರ ದಶಕದಲ್ಲಿ ನಾಗಪುರದಲ್ಲಿ ಮಾಲಿನ್ ಎಂಬವರು ಭಾರತದ ಮಕ್ಕಳಿಗೆ ಹೊಂದಿಸಿದ ಬುದ್ಧಿಮಾಪನ ಮಾಡಿದರು ಎನ್ನೋಣ. ಅದರಲ್ಲಿ ಎರಡು ಭಾಗ. ಒಂದು ಮಾತಿನದು: ಸಾಮಾನ್ಯ ಜ್ಞಾನ, ಪದಗಳ ಅರ್ಥ, ಬಾಯಿಲೆಕ್ಕ, ಅಂಕಿಗಳನ್ನು ಕೇಳಿ ತಿರುಗಿ ಹೇಳುವುದು. ಇನ್ನೊಂದು ಕೈಕೆಲಸದ್ದು: ಬಣ್ಣದ ಕಟ್ಟಿಗೆ ತುಂಡು ಜೋಡಿಸಿ ಚಿತ್ರ ಮಾಡುವುದು, ಚಿತ್ರದಲ್ಲಿ ಬಿಟ್ಟುಹೋದದ್ದನ್ನು ಹಿಡಿಯುವುದು. ನಮ್ಮ ಹುಡುಗನಿಗೆ ಮಾತಿನ ಭಾಗದಲ್ಲಿ 72, ಕೈಕೆಲಸದಲ್ಲಿ 96 ಬಂತು. ಎರಡರ ಸರಾಸರಿ 84.

ತಕರಾರು ಇರುವುದು ಇಲ್ಲೇ. ಕಲಿಕಾ ನ್ಯೂನತೆ ಪ್ರಮಾಣಪತ್ರಕ್ಕಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ್ದ ಮಾರ್ಗಸೂಚಿ ಪ್ರಕಾರ ಐಕ್ಯೂ 85ಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂದಿನ ಹೆಜ್ಜೆ, ಅಂದರೆ ನಿಮ್ಹಾನ್ಸ್ ಸಿದ್ಧಪಡಿಸಿದ ಓದು-ಬರಹ-ಲೆಕ್ಕದ ಪರೀಕ್ಷೆ ಇರುತ್ತಿತ್ತು. 84 ಬಂದವನಿಗೆ ಬಾಗಿಲು ಮುಚ್ಚುತ್ತಿತ್ತು. ಆದರೆ ಮಾತಿನ ಭಾಗದಲ್ಲಿ ಅಂಕ ಬಿದ್ದದ್ದು ಏಕೆ? ಓದಲು ಬಾರದ ಮಗುವಿಗೆ ಪುಸ್ತಕದಿಂದ ಸಿಗುವ ಪದ, ಜ್ಞಾನ ಸಿಗುವುದೇ ಇಲ್ಲ. ಅಂಕಿ ನೆನಪಿಟ್ಟು ಹೇಳುವುದರಲ್ಲಿಯೂ ಇಂಥ ಮಕ್ಕಳು ಹಿಂದೆ ಬೀಳುವುದುಂಟು. ಅಂದರೆ ಯಾವ ತೊಡಕನ್ನು ಹುಡುಕಲು ಹೊರಟೆವೋ ಅದೇ ತೊಡಕು ಅಂಕಿಯನ್ನು ಕೆಳಕ್ಕೆ ಎಳೆದಿದೆ! ಜೊತೆಗೆ ಇಂಥ ಅಳತೆಯಲ್ಲಿ ಐದಾರು ಅಂಕದ ಏರುಪೇರು ಇದ್ದೇ ಇರುತ್ತದೆ. ಇಂದು 84 ಬಂದವನಿಗೆ ಇನ್ನೊಂದು ದಿನ 88 ಬರಬಹುದು. 72 ಮತ್ತು 96ರ ನಡುವಿನ 24 ಅಂಕದ ಅಂತರವೇ ಇಲ್ಲಿ ಸುದ್ದಿ. ಅದನ್ನು ವಿವರಿಸದೆ ಬರೀ ಸರಾಸರಿ ಬರೆದವರು ಮಗುವನ್ನು ಅಳೆದೇ ಇಲ್ಲ ಎನ್ನುತ್ತೇನೆ. ಅಂತರ ಇಷ್ಟು ದೊಡ್ಡದಿರುವಾಗ ಸರಾಸರಿಯನ್ನು ನೆಚ್ಚಿಕೊಳ್ಳಬಾರದು, ಓದು-ಬರಹದ ಪರೀಕ್ಷೆ ಆಗಲೇಬೇಕು ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಆ ಪರೀಕ್ಷೆ ಕನ್ನಡದಲ್ಲೇ ನಡೆಯಬೇಕು. ಕನ್ನಡ ಶಾಲೆಯ ಮಗುವಿಗೆ ಇಂಗ್ಲಿಷ್ ಪ್ಯಾರಾ ಓದಿಸಿ "ಎರಡನೇ ತರಗತಿ ಮಟ್ಟ" ಎಂದು ಬರೆದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಇಂಗ್ಲಿಷಿನ 26 ಅಕ್ಷರದಂತಲ್ಲ ನಮ್ಮದು. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಒಳ್ಳೆಯ ಓದುಗ ಮಕ್ಕಳಿಗೂ ಇವೆಲ್ಲ ಕೈಗೆ ಹತ್ತಲು ಮೂರ್ನಾಲ್ಕು ವರ್ಷ ಬೇಕು. ಆದ್ದರಿಂದ ಮಗು ಎಲ್ಲಿ ತಪ್ಪುತ್ತಿದೆ ಎಂಬುದೇ ವರದಿಯ ಜೀವಾಳ. 'ಅಕ್ಕ' ಇದ್ದದ್ದನ್ನು 'ಅಕ' ಎಂದು ಓದುತ್ತಾನೋ, 'ಕಾಗೆ'ಯನ್ನು 'ಕಗೆ' ಎಂದು ಬರೆಯುತ್ತಾನೋ, ಮ-ವ ಅದಲುಬದಲಾಗುತ್ತದೋ, ಒಂದು ನಿಮಿಷಕ್ಕೆ ಎಷ್ಟು ಪದ ಸರಿ ಓದಿದ? ಇದನ್ನೆಲ್ಲ ಉದಾಹರಣೆ ಸಮೇತ ಬರೆಯಬೇಕು. ಹಾಗೆಯೇ 'ಬಂದಿದ್ದಾನೆ' ಬದಲು 'ಬಂದಾನ' ಎಂದು ಬರೆದರೆ ಅದು ನಮ್ಮ ಸೀಮೆಯ ಮಾತು, ನ್ಯೂನತೆಯಲ್ಲ. ಬೇರೆ ಕಡೆಯಿಂದ ಬಂದ ಪರೀಕ್ಷಕರು ಅದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬಾರದು.

ಇನ್ನೊಂದು ಪ್ರಶ್ನೆ ಹಲವರು ಕೇಳುವುದೇ ಇಲ್ಲ: ಮಗು ಶಾಲೆಯಲ್ಲಿ ಇತ್ತೇ? ನಮ್ಮ ಬಾದಾಮಿ, ಹುನಗುಂದ ಕಡೆಯ ಎಷ್ಟೋ ಮನೆಗಳು ಗೋವಾ, ಮಂಗಳೂರಿಗೆ ದುಡಿಯಲು ಹೋಗುತ್ತವೆ. ವರ್ಷಕ್ಕೆ ನಾಲ್ಕು ತಿಂಗಳು ಶಾಲೆ ತಪ್ಪಿಸಿಕೊಂಡ ಮಗುವಿಗೆ ಓದು ಬಾರದಿದ್ದರೆ ಮೊದಲ ಕಾರಣ ಅದೇ ಇರಬಹುದು. ಹಾಜರಿ ಪುಸ್ತಕ ನೋಡದೆ, ಕಣ್ಣು-ಕಿವಿ ತಪಾಸಣೆ ಮಾಡಿಸದೆ ಕಲಿಕಾ ನ್ಯೂನತೆ ಎಂದು ಬರೆಯುವುದು ಅಪರಾಧ. ಕೆಲವು ತಿಂಗಳು ಸರಿಯಾಗಿ ಕಲಿಸಿ ಮತ್ತೆ ಅದೇ ಪಟ್ಟಿ ಓದಿಸಿದಾಗ ಸರಸರ ಮುಂದೆ ಹೋದರೆ ಕಾರಣ ಬೇರೆ. ಅದೇ 'ಅಕ' ಉಳಿದಿದ್ದರೆ ಅನುಮಾನ ಗಟ್ಟಿ.

ಕೊನೆಗೆ ಮೇಷ್ಟ್ರಿಗೊಂದು, ಮನೆಗೊಂದು ಪುಟ ಕನ್ನಡದಲ್ಲಿ ಬೇಕು. ಮೇಷ್ಟ್ರ ಪುಟದಲ್ಲಿ: ತರಗತಿಯ ಎದುರು ಗಟ್ಟಿಯಾಗಿ ಓದಿಸಬೇಡಿ, ಪ್ರಶ್ನೆ ಓದಿ ಹೇಳಿ ಉತ್ತರ ಬಾಯಲ್ಲಿ ಕೇಳಿ, ಬರೆಯಲು ಹೆಚ್ಚು ಸಮಯ ಕೊಡಿ, ವಾರಕ್ಕೆ ಎರಡೇ ಒತ್ತಕ್ಷರ ಕಲಿಸಿ. ಮನೆಯ ಪುಟದಲ್ಲಿ: ಹುಡುಗ ದಡ್ಡನಲ್ಲ, ಕೈಕೆಲಸದಲ್ಲಿ ವಯಸ್ಸಿಗೆ ತಕ್ಕಷ್ಟು ಚುರುಕಿದ್ದಾನೆ, ಓದಲಿಲ್ಲವೆಂದು ಹೊಡೆಯಬೇಡಿ. ಕೆಳಗೆ ಬರೆದವರ ಹೆಸರು, ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ. ಈ ವರದಿಯೇ ಪ್ರಮಾಣಪತ್ರವಲ್ಲ, ಅದಕ್ಕೆ ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಗೆ ಹೋಗಬೇಕು ಎಂಬ ಒಂದು ಸಾಲು. ಇಂಗ್ಲಿಷ್ ಪುಟ ಬೇಕಾದರೆ ಹಿಂದೆ ಇರಲಿ. ಮುಂದಿನ ಸಲ ನಿಮ್ಮ ಕೈಗೆ ಇಂಗ್ಲಿಷ್ ವರದಿ ಕೊಟ್ಟರೆ ಕುರ್ಚಿಯಿಂದ ಏಳಬೇಡಿ. "ಸರ್, ಕನ್ನಡದಾಗ ಒಂದ್ ಹಾಳಿ ಬರದ್ ಕೊಡ್ರಿ" ಅನ್ನಿ.