ಸೌರಫಲಕ ಹೊರುವ ತಾರಸಿಯನ್ನೂ ಪರೀಕ್ಷಿಸಲಿ





2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ 3 ಕಿಲೋವಾಟ್‌ನ ಮನೆ ಘಟಕಕ್ಕೆ 78,000 ರೂಪಾಯಿ ಸಹಾಯಧನ ದೊರೆಯುತ್ತಿದ್ದು, 10 ಕಿಲೋವಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಸಾಧ್ಯತೆಯ ಅಧ್ಯಯನದಿಂದ ವಿನಾಯಿತಿಯೂ ಇದೆ. ಆ ಅಧ್ಯಯನ ವಿದ್ಯುತ್ ಜಾಲಕ್ಕೆ ಸಂಬಂಧಿಸಿದ್ದಾದ್ದರಿಂದ ವಿನಾಯಿತಿಗೆ ಆಕ್ಷೇಪವಿಲ್ಲ. ಆದರೆ ಫಲಕಗಳನ್ನು ಹೊರಬೇಕಾದ ಹಳೆಯ ತಾರಸಿಯ ವಿಚಾರವನ್ನು ಬಹುಮಟ್ಟಿಗೆ ‘ಫಲಕ ಹಗುರ, ಯಾವ ಮೋಲ್ಡ್ ಆದರೂ ತಡೆಯುತ್ತದೆ’ ಎಂಬ ಮಾರಾಟಗಾರರ ಮಾತಿಗೇ ಬಿಟ್ಟಿರುವುದು ಆಕ್ಷೇಪಾರ್ಹ.

ಫಲಕ ಹಗುರವೆಂಬುದು ನಿಜವಾದರೂ ತೊಂದರೆ ಹುಟ್ಟುವುದು ಆ ಹಗುರತನದಿಂದಲೇ. 3 ಕಿಲೋವಾಟ್‌ಗೆ ಬೇಕಾಗುವ ಆರು ದೊಡ್ಡ ಫಲಕಗಳು ಸುಮಾರು 15 ಚದರ ಮೀಟರ್ ಹರಡಿಕೊಂಡು, ಉಕ್ಕಿನ ಚೌಕಟ್ಟೂ ಸೇರಿ 270 ಕೆ.ಜಿ.ಯಷ್ಟು ತೂಗುತ್ತವೆ. ಗಾಳಿಯ ಹೊರೆಯನ್ನು ಲೆಕ್ಕಹಾಕುವ ಭಾರತೀಯ ಮಾನಕ ಐ.ಎಸ್. 875ರ ಮೂರನೆಯ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಮೂಲವೇಗವನ್ನು ಗೊತ್ತುಪಡಿಸಿದೆ. ಆ ವೇಗದ ಗಾಳಿ ಚದರ ಮೀಟರಿಗೆ ಸುಮಾರು 65 ಕೆ.ಜಿ. ತೂಕಕ್ಕೆ ಸಮನಾದ ಒತ್ತಡವನ್ನುಂಟುಮಾಡುತ್ತದೆ. ಫಲಕದ ಅಡಿಗೆ ನುಗ್ಗಿದ ಗಾಳಿ ಅಷ್ಟೇ ಬಲದಿಂದ ಮೇಲಕ್ಕೆತ್ತಿದರೆ, ಅಂದರೆ ‘ಮೇಲೆತ್ತು ಬಲ’ ಅಷ್ಟಿದ್ದರೆ, ಒಟ್ಟು ಎಳೆತ ಒಂದು ಟನ್ನಿನ ಆಸುಪಾಸಿಗೆ ಬರುತ್ತದೆ. ಚೌಕಟ್ಟಿನ ಆರು ಕಾಲುಗಳಿಗೆ ಒಂದಡಿ ಘನದ ಕಾಂಕ್ರೀಟ್ ದಿಮ್ಮಿಗಳನ್ನು ಕಟ್ಟಿದರೂ ಸೇರುವ ತೂಕ 400 ಕೆ.ಜಿ.ಯಷ್ಟೇ ಆಗಿರುವುದರಿಂದ, ಎಲ್ಲವೂ ಸೇರಿದ 670 ಕೆ.ಜಿ. ಆ ಎಳೆತಕ್ಕೆ ಸಾಲದು. ಮೂಲವೇಗ 39 ಮೀಟರ್ ಇರುವ ಮಂಗಳೂರಿನಲ್ಲಿ ಕೊರತೆ ಇನ್ನೂ ಹೆಚ್ಚುತ್ತದೆ. ಅಂಚಿಗೆ ಹತ್ತಿರವಾಗಿ, ಎತ್ತರದ ಕಂಬಗಳ ಮೇಲೆ ನಿಂತ ಚೌಕಟ್ಟಿಗೆ ಗಾಳಿಯ ಹೊಡೆತ ಮತ್ತಷ್ಟು ಬಲವಾಗಿರುತ್ತದೆ.

ಹಾಗೆಂದು ದಿಮ್ಮಿಗಳನ್ನು ಹೆಚ್ಚಿಸುತ್ತ ಹೋಗುವುದೂ ಹಳೆಯ ಮನೆಗೆ ಸಲ್ಲದು. ನಾಲ್ಕೈದು ಅಂಗುಲ ದಪ್ಪದ ಚಪ್ಪಡಿಯ ನಡುಭಾಗದಲ್ಲಿ ಭಾರ ಒಂದೊಂದು ಬಿಂದುವಿನ ಮೇಲೆ ಕೂರುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದಿದ್ದರೆ ಅಪಾಯ ಇಮ್ಮಡಿಸುತ್ತದೆ. ಚಾವಣಿಯ ಒಳಮೈಯಲ್ಲಿ ಕಂದುಬಣ್ಣದ ಕಲೆ, ಕಂಬಿಯ ಉದ್ದಕ್ಕೂ ಸಾಗಿದ ಬಿರುಕು, ಉದುರಿದ ಗಾರೆ, ಸುತ್ತಿಗೆಯಿಂದ ತಟ್ಟಿದಾಗ ಬರುವ ಪೊಳ್ಳು ಸದ್ದು ತುಕ್ಕಿನ ಲಕ್ಷಣಗಳಾಗಿದ್ದು, ಅಂಥ ಕಡೆ ಮೊದಲು ದುರಸ್ತಿಯಾಗಬೇಕೇ ಹೊರತು ಫಲಕವೇರಬಾರದು.

ಗಟ್ಟಿಯಾದ ತಾರಸಿಯಲ್ಲಿ ಸರಿಯಾದ ದಾರಿಯೆಂದರೆ, ಕಾಲುಗಳನ್ನು ಗೋಡೆ ಅಥವಾ ಬೀಮ್‌ಗಳ ನೇರಕ್ಕೆ ತಂದು, ತೂಕಕ್ಕಿಂತ ಹೆಚ್ಚಾಗಿ ಬೋಲ್ಟುಗಳ ಹಿಡಿತವನ್ನು ನೆಚ್ಚುವುದು. ತಾರಸಿಯ ಮೇಲ್ಪದರವಾದ ಇಟ್ಟಿಗೆಚೂರು ಮತ್ತು ಗಾರೆಗೆ ಹಿಡಿತವಿಲ್ಲದ್ದರಿಂದ ಕಾಲು ಬರುವಷ್ಟು ಜಾಗದಲ್ಲಿ ಅದನ್ನು ಕೆತ್ತಿ, ಮೂಲ ಕಾಂಕ್ರೀಟ್ ಕಂಡಮೇಲೆ, ಕಂಬಿಗೆ ತಾಗದಂತೆ ರಂಧ್ರ ಕೊರೆದು, ಧೂಳನ್ನು ಪೂರ್ತಿ ಊದಿ ತೆಗೆದು, ರಾಸಾಯನಿಕ ಅಂಟು ತುಂಬಿ ಬೋಲ್ಟನ್ನು ಕೂರಿಸಬೇಕು. ಧೂಳು ಉಳಿದರೆ ಅಂಟು ಕಾಂಕ್ರೀಟಿಗೆ ಹಿಡಿಯದೆ ಬೋಲ್ಟ್ ಸಡಿಲಾಗುತ್ತದೆ. ಅನಂತರ ಪಾದಫಲಕದ ಸುತ್ತ ಅರ್ಧ ಅಡಿ ಎತ್ತರದ ಪೀಠ ಕಟ್ಟಿ, ಬುಡದ ಮೂಲೆಯನ್ನು ಗಾರೆಯಿಂದ ಇಳಿಜಾರಾಗಿ ಮುಚ್ಚಿ, ಜಲನಿರೋಧಕ ಲೇಪವನ್ನು ತಾರಸಿಯಿಂದ ಪೀಠದ ಮೇಲಿನವರೆಗೂ ಎಳೆದರೆ ನೀರು ಬೋಲ್ಟಿನ ಬಳಿ ಸುಳಿಯುವುದಿಲ್ಲ. ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಚಾವಣಿಯ ಒಳಮೈ ಒದ್ದೆಯಾಗದಿದ್ದರೆ ಮಾತ್ರ ಫಲಕಗಳನ್ನು ಏರಿಸಬೇಕು. ಏರಿಸಿದ ಮೇಲೆ ಕಾಣುವ ಸೋರಿಕೆಯ ಮೂಲ ಹುಡುಕುವುದು ಕಷ್ಟ.

ಶೀಟಿನ ಮಾಡಿಗೂ ನಿಯಮ ಇದೇ: ಹಿಡಿತವಿರಬೇಕಾದದ್ದು ಶೀಟಿನಲ್ಲಲ್ಲ, ಅದನ್ನು ಹೊತ್ತ ಉಕ್ಕಿನ ಅಡ್ಡತೊಲೆ, ಅಂದರೆ ಪರ್ಲಿನ್‌ನಲ್ಲಿ. ಅರ್ಧ ಮಿಲಿಮೀಟರ್ ದಪ್ಪದ ತಗಡಿಗಷ್ಟೇ ಕಚ್ಚಿಸಿದ ತಿರುಪು ಬಿರುಗಾಳಿಗೆ ತಗಡನ್ನೇ ಹರಿದುಕೊಂಡು ಏಳಬಲ್ಲದು. ತೂತು ನೀರು ಹರಿಯುವ ತಗ್ಗಿನಲ್ಲಿರದೆ ಏಣಿನ ಮೇಲಿರಬೇಕು, ತಿರುಪಿನಡಿ ಬಿಸಿಲಿಗೆ ಬಿರಿಯದ ರಬ್ಬರ್ ವಾಷರ್ ಇರಬೇಕು. ತುಳಿದರೆ ಮುರಿಯುವ ಹಳೆಯ ಕಲ್ನಾರಿನ ಶೀಟಿನ ಮೇಲಂತೂ ಹತ್ತುವುದೇ ಅಪಾಯಕರವಾಗಿದ್ದು, ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ಆ ಮಾಡನ್ನು ಬದಲಿಸಿದ ಮೇಲಷ್ಟೇ ಫಲಕದ ಮಾತು.

ಆದ್ದರಿಂದ ವಿದ್ಯುತ್ ಸರಬರಾಜು ಕಂಪನಿಗಳು ಹಳೆಯ ಮನೆಗಳ ಅರ್ಜಿಯೊಂದಿಗೆ, ಕಾಲುಗಳ ಸ್ಥಾನ, ತೂಕ ಮತ್ತು ಮೇಲೆತ್ತು ಬಲದ ಲೆಕ್ಕವಿರುವ, ಸಿವಿಲ್ ಎಂಜಿನಿಯರ್ ಸಹಿಯುಳ್ಳ ಒಂದು ಪುಟದ ನಕ್ಷೆಯನ್ನೂ, ಫಲಕ ಏರಿಸುವ ಮುನ್ನ ನೀರು ನಿಲ್ಲಿಸಿದ ಪರೀಕ್ಷೆಯ ಛಾಯಾಚಿತ್ರವನ್ನೂ ಕಡ್ಡಾಯಗೊಳಿಸಬೇಕು. ಯೋಜನೆಯಡಿ ಅಳವಡಿಕೆದಾರರ ಮೇಲಿರುವ ಐದು ವರ್ಷಗಳ ನಿರ್ವಹಣೆಯ ಹೊಣೆಯಲ್ಲಿ ಬೋಲ್ಟಿನ ಬುಡದ ಸೋರಿಕೆಯೂ ಸೇರುತ್ತದೆಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು.

— ಒಬ್ಬ ಓದುಗ, ಬೆಂಗಳೂರು