ಫ್ರೀ ಆದರೇನಂತೆ, ಅಮ್ಮನನ್ನು ಕೇಳಲಿ!

"ದುಡ್ಡು ಕೇಳೋ ಆ್ಯಪ್ ಆದ್ರೆ ಬೇಡ ಅಂತೀನಿ. ಫ್ರೀ ಆದ್ರೆ ಹಾಕ್ಕೊಳ್ಳಲಿ ಬಿಡಿ, ನಮ್ಮ ಗಂಟೇನು ಹೋಗುತ್ತೆ?"

ಮಗುವಿನ ಕೈಗೆ ಟ್ಯಾಬ್ ಕೊಟ್ಟಿರುವ ಯಾವ ತಾಯಿಯನ್ನು ಮಾತಾಡಿಸಿದರೂ ಹೆಚ್ಚು ಕಮ್ಮಿ ಇದೇ ಉತ್ತರ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ ನೋಡಿ! ಆದರೆ ನಾನು ಹೇಳುವುದು ಇದಕ್ಕೆ ಉಲ್ಟಾ. ದುಡ್ಡಿನ ಬಾಗಿಲಿಗೆ ಹೇಗೂ ಒಂದು ಬೀಗ ಇದ್ದೇ ಇದೆ. ಒಂಬತ್ತು ವರ್ಷದ ಮಗು ಕಾರ್ಡಿನಲ್ಲಿ ಏನಾದರೂ ಕೊಳ್ಳಬೇಕೆಂದರೆ ಸಾಮಾನ್ಯವಾಗಿ ಓಟಿಪಿ ಬೇಕು, ಯುಪಿಐನಲ್ಲಾದರೆ ಪಿನ್ ಬೇಕು. ಹಾರುಹೊಡೆದಿರುವುದು ಫ್ರೀ ಬಾಗಿಲು. ಕಾವಲು ಹಾಕಬೇಕಾದದ್ದು ಅಲ್ಲಿ.

ಯಾಕೆ ಅಂತೀರಾ? ಫ್ರೀ ಆಟ ಮಾಡಿದವರಿಗೂ ಹೊಟ್ಟೆಪಾಡು ಇದೆ. ಆ ದುಡ್ಡು ಬರುವುದು ಜಾಹೀರಾತಿನಿಂದ, ಇಲ್ಲವೇ ಆಟದೊಳಗೆ ಮಾರುವ ನಾಣ್ಯ, ಬಟ್ಟೆ, ಬಂದೂಕುಗಳಿಂದ. ಆಟದ ನಡುವೆ ಬರುವ ಜಾಹೀರಾತು ಬಹಳ ಸಲ ಇನ್ನೊಂದು ಆಟದ್ದೇ ಆಗಿರುತ್ತೆ. ಮಗು ಅದನ್ನು ಮುಚ್ಚಲು ಹೋಗಿ ಎಲ್ಲೋ ಒತ್ತಿದರೆ ನೇರ ಪ್ಲೇ ಸ್ಟೋರ್ ತೆರೆಯುತ್ತೆ, ಹಸಿರು ಗುಂಡಿ ಕಣ್ಣಿಗೆ ಬೀಳುತ್ತೆ. ಒಂದು ಫ್ರೀ ಆಟ ಇನ್ನೊಂದನ್ನು ಕೈಹಿಡಿದು ಕರೆತರುವುದು ಹೀಗೆ.

ಮಗ್ಗದ ಮನೆಯ ಟ್ಯಾಬ್

ನಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟುಕೊಂಡಿರುವ ಪರಿಚಯದವರ ಮನೆಯೊಂದರ ಕಥೆ ಕೇಳಿ. ಕೊರೊನಾ ಕಾಲದಲ್ಲಿ ದೊಡ್ಡ ಮಗಳ ಆನ್‌ಲೈನ್ ಪಾಠಕ್ಕೆಂದು ತಂದ ಟ್ಯಾಬ್ ಅದು. 2020ರ ಜೂನ್‌ನಲ್ಲಿ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಬೇಡ ಅಂತ ರಾಜ್ಯ ಸರ್ಕಾರ ಹೇಳಿದ್ದು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿದ್ದು ನಿಮಗೂ ನೆನಪಿರಬಹುದು. ಆ ಗಡಿಬಿಡಿಯಲ್ಲಿ ತಂದ ಟ್ಯಾಬುಗಳಿಗೆ ಮನೆಯವರು ಅಪ್ಪನ ಜಿಮೇಲ್ ಹಾಕಿ ಕೊಟ್ಟುಬಿಟ್ಟರು. ಈಗ ಅಕ್ಕ ಕಾಲೇಜಿಗೆ ಹೋಗ್ತಾಳೆ, ಟ್ಯಾಬ್ ನಾಲ್ಕನೇ ಕ್ಲಾಸಿನ ತಮ್ಮನ ಪಾಲಾಗಿದೆ. ಜಿಮೇಲ್ ಮಾತ್ರ ಅಪ್ಪನದೇ.

"ಎಲ್ಲಾ ಫ್ರೀನೇ ಕಣಕ್ಕ, ಒಂದ್ ರೂಪಾಯಿ ಹೋಗಿಲ್ಲ. ಆದ್ರೂ ಟ್ಯಾಬ್ ಆಮೆ ಥರ ಆಗೈತೆ, ಯಾಕೋ ನೋಡ್ ಬನ್ನಿ" ಅಂದಳು ತಾಯಿ. ನೋಡಿದರೆ ಮೂವತ್ತಕ್ಕೂ ಹೆಚ್ಚು ಆ್ಯಪ್! ಹುಡುಗ ದಿನಾ ಬಳಸುವುದು ಆರೇ ಆರು. ಉಳಿದವು ಎಲ್ಲಿಂದ ಬಂದವು ಅನ್ನುವುದು ಅವನಿಗೇ ಗೊತ್ತಿಲ್ಲ. "ಕೊಳ್ಳುವಾಗ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿದ್ದೀವಲ್ಲ" ಅಂದರು ಅಪ್ಪ. ಮಾಡಿದ್ದು ನಿಜ. ಆದರೆ ಆ ಸೆಟ್ಟಿಂಗ್ ಕೇಳುವುದು ದುಡ್ಡು ಕೊಟ್ಟು ಕೊಳ್ಳುವಾಗ ಮಾತ್ರ. ಫ್ರೀ ಆ್ಯಪಿಗೆ ಅದು ಬಾಯೇ ಬಿಡುವುದಿಲ್ಲ. ತುಂಬಾ ಮನೆಗಳಲ್ಲಿ ಆಗಿರುವ ತಪ್ಪು ತಿಳಿವಳಿಕೆ ಇದೇ. ಟ್ಯಾಬಿನಲ್ಲಿ ದೊಡ್ಡವರ ಖಾತೆ ಇರುವತನಕ ಟ್ಯಾಬಿನ ಲೆಕ್ಕದಲ್ಲಿ ನಿಮ್ಮ ಮಗುವೂ ದೊಡ್ಡವನೇ. ದೊಡ್ಡವರು ಯಾರನ್ನು ಅಪ್ಪಣೆ ಕೇಳಬೇಕು ಹೇಳಿ!

ಒಂದು ಗಂಟೆಯ ಕೆಲಸ

ಆದ್ದರಿಂದ ಮೊದಲ ಕೆಲಸ, ಮಗುವಿಗೆ ಅದರದೇ ಖಾತೆ. ಇದಕ್ಕೆ ಗೂಗಲ್‌ನವರದೇ Family Link ಎಂಬ ಉಚಿತ ಆ್ಯಪ್ ಇದೆ. ಅದನ್ನು ತಾಯಿಯ ಫೋನಿಗೆ ಹಾಕಿಕೊಂಡು, ಮಗುವಿನ ಹೆಸರು, ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಖಾತೆ ತೆರೆದೆವು. ವಯಸ್ಸು ಹೆಚ್ಚಿಗೆ ಬರೆದರೆ ಮಕ್ಕಳ ಖಾತೆಯೇ ಆಗುವುದಿಲ್ಲ, ಎಚ್ಚರ.

ಆಮೇಲೆ ಟ್ಯಾಬಿನ ಸರದಿ. ಫೋಟೋಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಂಡು, ಅಪ್ಪನ ಖಾತೆಯನ್ನು ತೆಗೆದು, ಸೆಟ್ಟಿಂಗಿನೊಳಗಿಂದಲೇ ಟ್ಯಾಬನ್ನು ಪೂರ್ತಿ ಅಳಿಸಿ ಹೊಸದರ ಹಾಗೆ ಮಾಡಿದೆವು. ಹಳೆ ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಅಳಿಸಿದ ಮೇಲೆ ಟ್ಯಾಬ್ ಅದನ್ನೇ ಕೇಳುತ್ತಾ ಕೂತುಬಿಡಬಹುದು. ಟ್ಯಾಬ್ ಮತ್ತೆ ಶುರುವಾದಾಗ ಮಗುವಿನ ಖಾತೆಯನ್ನು ಮಾತ್ರ ಹಾಕಿದೆವು. ಅಪ್ಪನದನ್ನು ಪಕ್ಕಕ್ಕೂ ಸೇರಿಸಲಿಲ್ಲ.

ಇನ್ನು ಮುಖ್ಯವಾದದ್ದು. ತಾಯಿಯ ಫೋನಿನ Family Link ತೆರೆದು, ಮಗುವಿನ ಹೆಸರು ಒತ್ತಿ, ನಿಯಂತ್ರಣಗಳ ಪಟ್ಟಿಯಲ್ಲಿ Google Play ಸಾಲಿಗೆ ಹೋಗಬೇಕು. ಯಾವುದಕ್ಕೆ ಒಪ್ಪಿಗೆ ಬೇಕು ಎಂದು ಅಲ್ಲಿ ಕೇಳುತ್ತದೆ. ಎಲ್ಲಕ್ಕೂ, ದುಡ್ಡಿನವಕ್ಕೆ ಮಾತ್ರ, ಆಟದೊಳಗಿನ ಖರೀದಿಗೆ ಮಾತ್ರ, ಯಾವುದಕ್ಕೂ ಬೇಡ ಎಂದು ನಾಲ್ಕು ಆಯ್ಕೆ. ಬಹಳ ಜನ ಎರಡನೆಯದನ್ನು ಒತ್ತಿ ನಿಶ್ಚಿಂತೆಯಾಗಿರುತ್ತಾರೆ. ದಯವಿಟ್ಟು ಮೊದಲನೆಯದನ್ನೇ, ಅಂದರೆ All content ಎನ್ನುವುದನ್ನೇ ಒತ್ತಿ.

ತಾಯಿ ಗಾರ್ಮೆಂಟ್ಸಿಗೋ ಶಾಲೆಗೋ ಹೋಗುವವರಾದರೆ ಅಪ್ಪನನ್ನೂ ಅದೇ ಕುಟುಂಬದ ಗುಂಪಿಗೆ ಪೋಷಕರಾಗಿ ಸೇರಿಸಬಹುದು. ಆಗ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಕೊಡಬಹುದು. ಆದರೆ "ಅಮ್ಮ ಬೇಡ ಅಂದ್ಲು, ಅಪ್ಪನ್ನ ಕೇಳ್ತೀನಿ" ಅನ್ನುವ ಆಟಕ್ಕೂ ಇದೇ ದಾರಿ! ಇಬ್ಬರೂ ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು.

ಮೊದಲ ಅರ್ಜಿ ಬಂದಾಗ

ಎರಡೇ ದಿನಕ್ಕೆ ಮಗರಾಯನ ಅರ್ಜಿ ತಾಯಿಯ ಫೋನಿಗೆ ಬಂತು. ಯಾವುದೋ ಕಾರ್ ರೇಸ್. ಕೇಳಿದ ತಕ್ಷಣ ಒಪ್ಪುವುದಾದರೆ ಇಷ್ಟೆಲ್ಲ ಮಾಡಿದ್ದು ದಂಡ. ಹಾಗಾದರೆ ಏನು ನೋಡಬೇಕು? ಆ್ಯಪಿನ ಪ್ಲೇ ಸ್ಟೋರ್ ಪುಟದಲ್ಲಿ ಮೂರು ಸಂಗತಿ ಸಾಕು. ಒಂದು, ವಯಸ್ಸಿನ ಗುರುತು. 3+, 7+, 12+ ಎಂದು ಇರುತ್ತದೆ. ಎರಡು, Contains ads ಎಂದಿದೆಯಾ? ಮೂರು, In-app purchases ಎಂದಿದೆಯಾ? 3+ ಅಂತ ಇದ್ದರೆ ಒಳಗಿನ ವಿಷಯ ಚಿಕ್ಕವರಿಗೆ ಆಗುತ್ತೆ ಎಂದಷ್ಟೇ ಅರ್ಥ, ಮಾರಾಟ ಇಲ್ಲ ಅಂತಲ್ಲ.

ಆ ಕಾರಿನ ಆಟಕ್ಕೆ 3+ ಇತ್ತು, ಉಳಿದ ಎರಡೂ ಇದ್ದವು. "ಇದರಲ್ಲಿ ಜಾಹೀರಾತು ಬರುತ್ತೆ, ಕಾರು ಕೊಂಡುಕೋ ಅಂತಲೂ ಕೇಳುತ್ತೆ. ಹಂಗಿಲ್ಲದ್ದು ಹುಡುಕಿ ತಾ, ಕೊಡ್ತೀನಿ" ಅಂದಳು ತಾಯಿ. ಹುಡುಗ ಮುಖ ಊದಿಸಿಕೊಂಡ. ಮಾರನೆ ದಿನ ಅವನೇ ಹುಡುಕಿ ಚದುರಂಗದ್ದೊಂದು ತಂದ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ನಿಜವಾದ ಲಾಭ ಇದು. ಆ ಮೂರು ಗುರುತನ್ನು ಈಗ ಮಗು ತಾನೇ ನೋಡಿಕೊಂಡು ಅರ್ಜಿ ಹಾಕುತ್ತದೆ.

ಬೇಲಿಯ ಸಂದುಗಳು

ಇಷ್ಟು ಮಾಡಿದರೆ ಎಲ್ಲ ಬಂದೋಬಸ್ತ್ ಅಂದುಕೊಳ್ಳಬೇಡಿ. ಸಂದುಗಳಿವೆ.

ಮೊದಲನೆಯದು, ನಿಮ್ಮದೇ ಫೋನ್! ನಿಮ್ಮ ಫೋನಿನ ಪ್ಯಾಟರ್ನ್ ಮಗುವಿಗೆ ಗೊತ್ತಿದ್ದರೆ ನೀವು ಅಡುಗೆಮನೆಯಲ್ಲಿದ್ದಾಗ ಅರ್ಜಿ ಹಾಕುವವನೂ ಅವನೇ, ಒಪ್ಪುವವನೂ ಅವನೇ. ನೀವು ಒಪ್ಪಿದ ನೆನಪಿಲ್ಲದ ಆ್ಯಪ್ ಟ್ಯಾಬಿನಲ್ಲಿ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಟ್ಯಾಬಿನಲ್ಲೇ ನಿಮ್ಮ ಪಾಸ್‌ವರ್ಡ್ ಒತ್ತಿ ಒಪ್ಪುವ ದಾರಿಯೂ ಇದೆ. ಮಗು ಪಕ್ಕದಲ್ಲೇ ಕೂತು ಬೆರಳು ನೋಡುತ್ತಿರುವಾಗ ಅದು ಬೇಡ, ಫೋನಿನಿಂದಲೇ ಒಪ್ಪಿ.

ಎರಡನೆಯದು, ಒಮ್ಮೆ ಒಪ್ಪಿದರೆ ಒಪ್ಪಿದ ಹಾಗೇ. ಹಿಂದೆ ಒಪ್ಪಿದ ಆ್ಯಪನ್ನು ತೆಗೆದುಹಾಕಿ ಮತ್ತೆ ಹಾಕಿಕೊಂಡರೆ ಅರ್ಜಿ ಬರುವುದಿಲ್ಲ. ಆ್ಯಪ್ ಅಪ್‌ಡೇಟ್ ಆದಾಗಲೂ ಬರುವುದಿಲ್ಲ. ಆದ್ದರಿಂದ ಬೇಡವೆನಿಸಿದ್ದನ್ನು ಟ್ಯಾಬಿನಿಂದ ತೆಗೆದರೆ ಸಾಲದು, Family Link ಒಳಗಿನ ಆ್ಯಪ್ ಪಟ್ಟಿಯಲ್ಲಿ ಅದನ್ನು ತಡೆಹಿಡಿಯಬೇಕು.

ಮೂರನೆಯದು, ಹಿತ್ತಲ ಬಾಗಿಲು. ಒಪ್ಪಿಗೆ ಕೇಳುವುದು ಪ್ಲೇ ಸ್ಟೋರಿನಿಂದ ಬರುವುದಕ್ಕೆ ಮಾತ್ರ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ಮೊಬೈಲ್, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಮ್ಮ ದೇಶದಲ್ಲಿ ನಿಷೇಧವಾದವಲ್ಲ, ಅಂಥ ಆಟಗಳನ್ನು ಹುಡುಗರು ಎಪಿಕೆ ಎಂಬ ಫೈಲಿನ ರೂಪದಲ್ಲಿ ಕೈಯಿಂದ ಕೈಗೆ ದಾಟಿಸಿಕೊಳ್ಳುತ್ತಾರೆ. ಆ ಫೈಲನ್ನು ಯಾರು ತಿದ್ದಿದ್ದಾರೋ, ಒಳಗೆ ಏನು ತುಂಬಿದ್ದಾರೋ ದೇವರೇ ಬಲ್ಲ. ಇದಕ್ಕೆ ತಡೆಯೂ Family Link ಒಳಗೇ ಇದೆ. ಮಗುವಿನ ಟ್ಯಾಬಿನ ಸೆಟ್ಟಿಂಗ್‌ಗಳಲ್ಲಿ ಅಪರಿಚಿತ ಮೂಲದ ಆ್ಯಪ್‌ಗಳಿಗೆ ಅವಕಾಶ ಕೊಡುವ ಗುಂಡಿ ಇರುತ್ತದೆ, ಅಲ್ಲಿ unknown sources ಎಂಬ ಮಾತು ಹುಡುಕಿ. ಅದು ಆಫ್ ಆಗಿರಬೇಕು. ಮಗ್ಗದ ಮನೆಗೆ ಹಬ್ಬಕ್ಕೆ ನೆಲಮಂಗಲದಿಂದ ಬಂದ ಅಣ್ಣನೊಬ್ಬ ಇಂಥದೇ ಫೈಲ್ ಕಳಿಸಿ ನೋಡಿದನಂತೆ. ಗುಂಡಿ ಆಫ್ ಇತ್ತು, ಟ್ಯಾಬ್ ಒಪ್ಪಲಿಲ್ಲ.

ಕೊನೆಯದು, ಆ್ಯಪೇ ಹಾಕಿಕೊಳ್ಳದೆ ಬ್ರೌಸರಿನಲ್ಲಿ ಆಡುವ ಆಟಗಳು. ಅಲ್ಲಿ ಇಳಿಸಿಕೊಳ್ಳುವುದೇ ಇಲ್ಲವಾದ್ದರಿಂದ ಕೇಳುವ ಪ್ರಶ್ನೆಯೂ ಇಲ್ಲ. ಕ್ರೋಮ್‌ಗೆ ನೀವು ಒಪ್ಪಿದ ಸೈಟುಗಳನ್ನು ಮಾತ್ರ ತೆರೆಯುವ ಬೇರೆ ಸೆಟ್ಟಿಂಗ್ ಇದೆ, ಚಿಕ್ಕ ಮಕ್ಕಳಿಗೆ ಅದನ್ನೂ ಹಾಕಿ.

ನಂಬಿಕೆ ಇಲ್ಲವೇ?

"ಮಗುವಿನ ಮೇಲೆ ನಂಬಿಕೆ ಇಲ್ವಾ? ಪೊಲೀಸ್ ಥರ ಕಾವಲು ಯಾಕೆ?" ಅಂತ ಕೇಳುವವರಿದ್ದಾರೆ. ಕದ್ದು ನೋಡಿದರೆ ಅದು ಕಾವಲು. ಇಲ್ಲಿ ಹಾಗಿಲ್ಲ. ಮಗುವಿಗೆ ಗೊತ್ತಿರುವಂತೆ, ಅದರ ಎದುರೇ ಕೂತು ಮಾಡಿಟ್ಟ ನಿಯಮ ಇದು. ಪಕ್ಕದ ಮನೆಯಲ್ಲಿ ತಿಂಡಿ ಕೊಟ್ಟರೆ "ಅಮ್ಮನ್ನ ಕೇಳ್ಕೊಂಡು ಬರ್ತೀನಿ" ಅನ್ನುವುದನ್ನು ನಾವು ಕಲಿಸಿಲ್ಲವೇ?

ಆದರೆ ನಿಯಮ ನಮಗೂ ಇರಬೇಕು. ಅರ್ಜಿ ಮೂರು ದಿನ ಫೋನಿನಲ್ಲಿ ಕೊಳೆಯುತ್ತಿದ್ದರೆ ಮಗು ಕೇಳುವುದನ್ನು ಬಿಟ್ಟು ಅಣ್ಣಂದಿರ ಫೈಲನ್ನೋ ನಿಮ್ಮ ಪ್ಯಾಟರ್ನನ್ನೋ ಹುಡುಕುತ್ತದೆ. ಕೇಳಿದ ದಿನ ಸಂಜೆಯೊಳಗೆ ಹೂಂ ಅಥವಾ ಊಹೂಂ, ಊಹೂಂ ಆದರೆ ಯಾಕೆ ಎಂದು ಒಂದು ಮಾತು. ರಾತ್ರಿ ಊಟಕ್ಕೆ ತಟ್ಟೆ ಹಾಕುವ ಮೊದಲು ಇಬ್ಬರೂ ಕೂತು ಆ ಪುಟ ನೋಡಲು ಐದು ನಿಮಿಷ ಸಾಕು.

ಇವತ್ತೇ ಒಂದು ಕೆಲಸ ಮಾಡಿ. ಮಗುವಿನ ಟ್ಯಾಬಿನ ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ದುಂಡು ಚಿತ್ರ ಒತ್ತಿ, ಅಲ್ಲಿ ಯಾರ ಹೆಸರಿದೆ ನೋಡಿ. ನಿಮ್ಮ ಯಜಮಾನರದೋ ನಿಮ್ಮದೋ ಇದ್ದರೆ, ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ.